ಕೋಡ್‌ಬುಕ್ಕಾ, ರಿಫ್ಲೆಕ್ಸಿವ್ವಾ? ಒಂದೇ ಸಂದರ್ಶನದ ಮೇಲೆ ಎರಡು ದಾರಿ

ನನ್ನ ಸೈಕಾಲಜಿ ಪ್ರಬಂಧಕ್ಕೆ ಕೇರಳದ ಕುಂಬಳೆ, ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಯುವಕ ಯುವತಿಯರನ್ನು ಮಾತಾಡಿಸಿದ್ದೆ. ಸಂದರ್ಶನಗಳನ್ನು ಬರಹಕ್ಕಿಳಿಸಿದ ಮೇಲೆ ಥೀಮ್, ಅಂದರೆ ಹಲವರ ಮಾತುಗಳನ್ನು ಒಂದಾಗಿ ಹಿಡಿಯುವ ಅರ್ಥ, ಹುಡುಕಲು ಕೋಡ್‌ಬುಕ್ ಮತ್ತು ರಿಫ್ಲೆಕ್ಸಿವ್ ಎಂಬ ಎರಡು ವಿಧಾನಗಳನ್ನೂ ಮಾಡಿ ನೋಡಿದೆ. ಒಬ್ಬ ಹುಡುಗನ ಮಾತು ಹೀಗಿತ್ತು: "ಆಫೀಸಿನಿಂದ ಮಲಯಾಳದ ಕಾಗದ ಬಂದ್ರೆ ಅಪ್ಪ ನನ್ನ ಕೈಗೆ ಕೊಡ್ತಾರೆ. ನಾನು ಏನು ಓದಿ ಹೇಳ್ತೇನೋ ಅದೇ ಸತ್ಯ. ಕೆಲವೊಮ್ಮೆ ಹೆದರಿಕೆ ಆಗ್ತದೆ."

ಕೋಡ್ ಅಂದರೆ ಮಾತಿನ ಒಂದು ತುಣುಕಿಗೆ ಕೊಡುವ ಚಿಕ್ಕ ಹೆಸರು. ಕೋಡ್‌ಬುಕ್ ದಾರಿಯಲ್ಲಿ ಕೋಡ್‌ಗಳ ಪಟ್ಟಿ ಮೊದಲೇ ಇರುತ್ತದೆ. ಪ್ರತಿ ಕೋಡ್‌ಗೂ ಅರ್ಥ, ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಬರೆದಿಡಬೇಕು. ಈ ಮಾತಿಗೆ ನನ್ನ ಪಟ್ಟಿಯಿಂದ ಸಿಕ್ಕಿದ್ದು "ಭಾಷೆಯ ತೊಂದರೆ" ಮತ್ತು "ಕುಟುಂಬ". ಕೆಲಸ ಬೇಗ ಆಯಿತು. ಗೆಳತಿಯೊಬ್ಬಳು ಅದೇ ಪಟ್ಟಿ ಹಿಡಿದು ಕೋಡ್ ಮಾಡಿದಾಗಲೂ ಹೆಚ್ಚುಕಡಿಮೆ ಅದೇ ಬಂತು. ಆದರೆ ಹುಡುಗನ ಹೆದರಿಕೆ ಎಲ್ಲಿ ಹೋಯಿತು? ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಇನ್ನೊಂದು ದಾರಿ ಸೈಕಾಲಜಿ ಸಂಶೋಧಕರಾದ ಬ್ರೌನ್ ಮತ್ತು ಕ್ಲಾರ್ಕ್ ಅವರದು. ಅವರು 2006ರಲ್ಲಿ ಥೀಮ್ ಹುಡುಕುವ ಆರು ಹಂತಗಳನ್ನು ಹೇಳಿದರು, ಆಮೇಲೆ ತಮ್ಮ ವಿಧಾನವನ್ನು ರಿಫ್ಲೆಕ್ಸಿವ್, ಅಂದರೆ ಓದುವವರು ತಮ್ಮ ಯೋಚನೆಯನ್ನೂ ಪ್ರಶ್ನಿಸಿಕೊಳ್ಳುತ್ತಾ ಸಾಗುವ ದಾರಿ, ಎಂದು ಕರೆದರು. ಇಲ್ಲಿ ಪಟ್ಟಿ ಮೊದಲೇ ಇರುವುದಿಲ್ಲ. ಬರಹವನ್ನು ಮತ್ತೆ ಮತ್ತೆ ಓದುತ್ತಾ ಕೋಡ್ ಹುಟ್ಟಿಸಬೇಕು. ಅದೇ ಮಾತಿಗೆ ಈ ಸಲ ಬರೆದದ್ದು: "ಅಪ್ಪನ ಬದಲು ತಾನು ಓದುವುದು", "ತಪ್ಪಿದರೆ ಹೊಣೆ ತನ್ನದೇ ಎಂಬ ಭಯ". ಕೋಡ್ ಸರಿಯಿದೆಯಾ ಅಂತ ನೋಡಲು ನಾನು ಮೂಲ ಮಾತನ್ನು ಮುಚ್ಚಿ ಕೋಡ್ ಮಾತ್ರ ಓದುತ್ತಿದ್ದೆ. ಏನು ಹೇಳಿದ್ದರು ಅಂತ ಅಂದಾಜಾಗಬೇಕು. "ಕುಟುಂಬ" ಅಂತಿದ್ದರೆ ಏನೂ ಗೊತ್ತಾಗುವುದಿಲ್ಲ.

ಇಂಥ ಕೋಡ್‌ಗಳನ್ನು ಒಟ್ಟುಗೂಡಿಸಿ "ಬೇಗನೆ ಮನೆಯ ದೊಡ್ಡವರಾಗುವುದು, ಭಾರ ಹೊರುವುದು" ಎಂಬ ಥೀಮ್ ಮಾಡಿದೆ. ನಾಲ್ಕನೇ ಹಂತದಲ್ಲಿ ಎಲ್ಲಾ ಸಂದರ್ಶನಗಳ ಮೇಲೆ ಅದನ್ನು ಪರೀಕ್ಷಿಸುವಾಗ ಒಬ್ಬಳು ಎದುರಾದಳು. ಮನೆಯವರ ಕಾಗದ ಓದುವುದೆಂದರೆ ಅವಳಿಗೆ ಖುಷಿ, ಮನೆಯಲ್ಲಿ ತನ್ನ ಮಾತಿಗೆ ಬೆಲೆ ಬಂತು ಅಂದಳು. ಅವಳನ್ನು ಬದಿಗಿಟ್ಟರೆ ಥೀಮ್ ಚಂದ ಕಾಣುತ್ತಿತ್ತು ಅಷ್ಟೇ, ಅಲ್ವಾ? ಥೀಮನ್ನೇ ಬದಲಿಸಿದೆ: "ಓದುವವರ ಕೈಗೆ ಬರುವ ಅಧಿಕಾರ, ಅದರ ಜೊತೆಗೇ ಬರುವ ಭಯ." ಈಗ ಇಬ್ಬರಿಗೂ ಜಾಗ ಸಿಕ್ಕಿತು. "ಭಾಷೆಯ ತೊಂದರೆ" ಬರೀ ವಿಷಯದ ಹೆಸರು, ಅದರ ಕೆಳಗೆ ಯಾರು ಏನಂದರೂ ತುಂಬಬಹುದು. ಈ ಥೀಮ್ ಒಂದು ಅರ್ಥವನ್ನು ಹೇಳುತ್ತದೆ.

ಸಮಯ ಮಾತ್ರ ಇದಕ್ಕೆ ಜಾಸ್ತಿ ಬೇಕು. ಪ್ರಶ್ನೆ ಮೊದಲೇ ಖಚಿತವಾಗಿದ್ದು, ತಂಡವಾಗಿ ಕೆಲಸ ಮಾಡುವುದಿದ್ದರೆ ನಾನು ಕೋಡ್‌ಬುಕ್ಕನ್ನೇ ಹಿಡಿಯುತ್ತೇನೆ. ಅನುಭವದ ಅರ್ಥ ಹುಡುಕುವ ಪ್ರಬಂಧಕ್ಕೆ ರಿಫ್ಲೆಕ್ಸಿವ್ ಆಯ್ದುಕೊಂಡೆ. ಎರಡನ್ನೂ ಸುಮ್ನೆ ಬೆರೆಸಬೇಡಿ. ಇಬ್ಬರ ಕೋಡಿಂಗ್ ಎಷ್ಟು ಹೊಂದುತ್ತದೆ ಎಂದು ತೋರಿಸುವ ಕಪ್ಪಾ ಅಂಕಿ, ಸರಿಯಾದ ಕೋಡ್ ಒಂದೇ ಎಂದು ನಂಬುವ ದಾರಿಗೆ ಸೇರಿದ್ದು. ರಿಫ್ಲೆಕ್ಸಿವ್ ಎಂದು ಬರೆದು ಕೆಳಗೆ ಕಪ್ಪಾ ಕೊಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಬರಬಹುದು. ಅದರ ಬದಲು, ಥೀಮನ್ನು ಯಾಕೆ ಬದಲಿಸಿದೆ ಎಂದು ಆಗಾಗ ಬರೆದಿಟ್ಟ ಟಿಪ್ಪಣಿಗಳನ್ನು ಅನುಬಂಧದಲ್ಲಿ ಸೇರಿಸಿದೆ.