1,499 ರೂಪಾಯಿ ಕೊಟ್ಟು ತಂದ ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಹತ್ತು ನಿಮಿಷವೂ ನಿಲ್ಲಲಿಲ್ಲ

ನಾನು ಬದಿಯಡ್ಕ ಕಡೆಯವಳು. ಬಿಸಿಎ ಮುಗಿಸಿದ್ದು ಕಾಸರಗೋಡು ಜಿಲ್ಲೆಯದೇ ಒಂದು ಕಾಲೇಜಿನಲ್ಲಿ. ಕಳೆದ ವರ್ಷ ಮಂಗಳೂರಿನ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿ ಮರ್ಯಾದೆ ಕಳೆದುಕೊಂಡು ಬಂದೆ. ಕೆಲಸ ಸಿಗಲಿಲ್ಲ ಅನ್ನುವುದಕ್ಕಿಂತ, ಸಿಗಬಹುದಾಗಿದ್ದ ಕೆಲಸವನ್ನು ನಾನೇ ಕೈಯಾರೆ ಹಾಳು ಮಾಡಿಕೊಂಡೆನಲ್ಲ ಅನ್ನುವ ಬೇಜಾರು ಜಾಸ್ತಿ. ಈಗ ಕೊನೆಯ ವರ್ಷದಲ್ಲಿರುವವರು ಇದನ್ನು ಓದಿದರೆ ಸಾಕು ಅಂತ ಬರೆಯುತ್ತಿದ್ದೇನೆ.

ಶುರುವಾದದ್ದು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ. 'ವರ್ಚುವಲ್ ಇಂಟರ್ನ್‌ಶಿಪ್, ಆಫರ್ ಲೆಟರ್, ಸರ್ಟಿಫಿಕೇಟ್, ರೆಕಮಂಡೇಶನ್ ಲೆಟರ್, ಮನೆಯಿಂದಲೇ ಕೆಲಸ' ಅಂತ ಒಂದು ಮೆಸೇಜ್ ಬಂತು. ಫಾರ್ಮ್ ತುಂಬಿ ಒಂದು ಗಂಟೆಯೊಳಗೆ ಆಫರ್ ಲೆಟರ್ ಕೈಗೆ ಬಂತು. ಯಾರೂ ಫೋನ್ ಮಾಡಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗಲೇ ಗೊತ್ತಾಗಬೇಕಿತ್ತು, ಅಲ್ವಾ? ಆಮೇಲೆ ಒಂದು ಪಿಡಿಎಫ್ ಬಂತು. ಐದು ಕೆಲಸಗಳಲ್ಲಿ ಮೂರು ಮಾಡಿದರೆ ಸಾಕು: ಕ್ಯಾಲ್ಕ್ಯುಲೇಟರ್, ಮಾಡಬೇಕಾದ ಕೆಲಸಗಳ ಪಟ್ಟಿ, ನಮ್ಮದೇ ಒಂದು ವೆಬ್ ಪೇಜ್. ಯೂಟ್ಯೂಬ್ ನೋಡಿ ಎರಡು ದಿನದಲ್ಲಿ ಮುಗಿಸಿದೆ. ಲಿಂಕ್ ಕಳಿಸಿದ ಮರುದಿನ ಸರ್ಟಿಫಿಕೇಟಿನ 'ಪ್ರೊಸೆಸಿಂಗ್ ಫೀ' ಕೇಳಿದರು. ಒಂದು ತಿಂಗಳ ಸರ್ಟಿಫಿಕೇಟ್ ಬೇಕಾದರೆ 499, ಮೂರು ತಿಂಗಳದ್ದು ಬೇಕಾದರೆ 1,499. ಕೆಲಸ ಎರಡಕ್ಕೂ ಅದೇ! ನಾನು ಮೂರು ತಿಂಗಳದ್ದನ್ನೇ ತೆಗೆದುಕೊಂಡೆ.

ಸರ್ಟಿಫಿಕೇಟ್ ನೋಡಲು ಭರ್ಜರಿಯಾಗಿತ್ತು. ಮೇಲೆ ಎಂಎಸ್‌ಎಂಇ ಲೋಗೋ, ಐಎಸ್‌ಒ ಲೋಗೋ, ಕೆಳಗೆ ಕ್ಯೂಆರ್ ಕೋಡ್. ಇವುಗಳ ಬೆಲೆ ಎಷ್ಟು ಅಂತ ಆಮೇಲೆ ತಿಳಿಯಿತು. ಎಂಎಸ್‌ಎಂಇ ಲೋಗೋ ಅಂದರೆ ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ. ಅದಕ್ಕೆ ದುಡ್ಡಿಲ್ಲ, ತಾವೇ ಬರೆದುಕೊಟ್ಟ ವಿವರದ ಮೇಲೆ ಆನ್‌ಲೈನಿನಲ್ಲೇ ಆಗುತ್ತದೆ. ಸಣ್ಣ ಬೇಕರಿ ಇಟ್ಟವರೂ ಮಾಡಿಸಬಹುದು. ಹುಡುಗರಿಗೆ ಸರಿಯಾಗಿ ಕೆಲಸ ಕಲಿಸುತ್ತಾರೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅವರದ್ದೇ ವೆಬ್‌ಸೈಟ್ ತೆರೆದು 'ಹೌದು, ಇದು ನಮ್ಮದೇ ಸರ್ಟಿಫಿಕೇಟ್' ಅನ್ನುತ್ತದೆ. ಅಷ್ಟೇ.

ಇನ್ನು ರೆಸ್ಯೂಮೆ. ಮೊದಲ ಸಾಲಿನಲ್ಲೇ 'ಕೆಲಸದ ಅನುಭವ: ವೆಬ್ ಡೆವಲಪ್‌ಮೆಂಟ್ ಇಂಟರ್ನ್, 3 ತಿಂಗಳು' ಅಂತ ಹಾಕಿದೆ. ಅದರ ಕೆಳಗೆ 'ಕಾಲೇಜು ಹಾಜರಾತಿ ಸಾಫ್ಟ್‌ವೇರ್ ಅಭಿವೃದ್ಧಿಪಡಿಸಿದ್ದೇನೆ'. ಅದು ನಾಲ್ಕು ಜನರ ಗ್ರೂಪ್ ಪ್ರಾಜೆಕ್ಟ್. ಕೋಡ್ ಬರೆದದ್ದು ಹೆಚ್ಚುಕಡಿಮೆ ಪೂರ್ತಿ ನಮ್ಮ ಗ್ರೂಪಿನ ಒಬ್ಬನೇ. ಕೊನೆಯಲ್ಲಿ ಜಾಗ ಉಳಿದಿತ್ತು ಅಂತ 'ಎನ್‌ಎಸ್‌ಎಸ್ ವಾಲಂಟಿಯರ್, ಕನ್ನಡ ಸಂಘದ ಸದಸ್ಯೆ'. ಅದಕ್ಕೂ ಕೆಳಗೆ 'ಮೇಲಿನ ಎಲ್ಲ ವಿವರಗಳು ಸತ್ಯ' ಅನ್ನುವ ಸಾಲು, ಅದರಡಿ ನನ್ನ ಸಹಿ. ಆ ಸಾಲನ್ನು ಎಲ್ಲರೂ ಹಾಕುತ್ತಾರೆ, ಯಾರೂ ಓದುವುದಿಲ್ಲ ಅಂದುಕೊಂಡಿದ್ದೆ.

ಕೆಲಸ ಇದ್ದದ್ದು ಸಪೋರ್ಟ್ ವಿಭಾಗದಲ್ಲಿ. ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್, ಗಿರಾಕಿಗಳು ಕರಾವಳಿಯಲ್ಲೂ ಕೇರಳದಲ್ಲೂ ಇದ್ದರು. ಇಂಟರ್‌ವ್ಯೂ ಮಾಡಿದ ಮೇಡಂ ಮಂಗಳೂರಿನವರೇ. ಇಂಗ್ಲಿಷ್ ಮಾತು ಎರಡು ನಿಮಿಷಕ್ಕೆ ಮುಗಿಯಿತು, ಆಮೇಲೆಲ್ಲ ಕನ್ನಡವೇ. ಅವರು ಜೋರು ಮಾಡಲಿಲ್ಲ. ಮೂರೇ ಪ್ರಶ್ನೆ ಕೇಳಿದರು.

"ಇಂಟರ್ನ್‌ಶಿಪ್‌ನಲ್ಲಿ ನಿಮಗೆ ಕೆಲಸ ಕೊಡ್ತಿದ್ದದ್ದು ಯಾರು?"

ಹೆಸರು ಗೊತ್ತಿರಲಿಲ್ಲ. ಮೇಲ್ ಬರುತ್ತಿತ್ತು ಅಂದೆ.

"ನೀವು ಮಾಡಿದ್ದರಲ್ಲಿ ಅವರು ತಿದ್ದಿಸಿದ್ದು ಎಂತ?"

ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ನಿಜವಾಗಿ ಎಲ್ಲಾದರೂ ಕೆಲಸ ಮಾಡಿದ್ದರೆ ಇದಕ್ಕೆ ಹತ್ತು ಉತ್ತರ ಇರುತ್ತದೆ. ಯಾಕೆಂದರೆ ಹೊಸಬರು ಮಾಡಿದ್ದನ್ನು ತಿದ್ದದೇ ಬಿಡುವವರು ಯಾರೂ ಇಲ್ಲ. ನನಗೆ ಒಂದೂ ಹೊಳೆಯಲಿಲ್ಲ. 'ಏನೂ ಇಲ್ಲ ಮೇಡಂ, ಸರಿ ಇತ್ತು' ಅಂದೆ. ಅವರು ನಕ್ಕರು ಅನಿಸುತ್ತದೆ. ನಾನು ಮೇಜು ನೋಡುತ್ತಿದ್ದೆ.

ಮೂರನೇದಕ್ಕೆ ಬಾಯಿಯೇ ಬೇಕಾಗಲಿಲ್ಲ. ರೆಸ್ಯೂಮೆಯಲ್ಲಿ ಪ್ರಾಜೆಕ್ಟಿನ ಗಿಟ್‌ಹಬ್ ಲಿಂಕ್ ನಾನೇ ಕೊಟ್ಟಿದ್ದೆ. ಅದನ್ನು ತೆರೆದು, ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು, ಒಂದು ಕಮಾಂಡ್ ಹೊಡೆದರು:

```
git shortlog -sn
```

ಯಾರು ಎಷ್ಟು ಕಮಿಟ್ ಮಾಡಿದ್ದಾರೆ, ಅಂದರೆ ಎಷ್ಟು ಸಲ ಪ್ರಾಜೆಕ್ಟಿಗೆ ತಮ್ಮ ಬದಲಾವಣೆ ಸೇರಿಸಿದ್ದಾರೆ ಅಂತ ಇದು ಹೆಸರಿನ ಪಕ್ಕದಲ್ಲಿ ಲೆಕ್ಕ ತೋರಿಸುತ್ತದೆ. ಗೆಳೆಯನ ಹೆಸರಿನ ಮುಂದೆ 41, ನನ್ನ ಹೆಸರಿನ ಮುಂದೆ 2. ಆ ಎರಡರಲ್ಲಿ ಒಂದು ಲೋಗೋ ಬದಲಿಸಿದ್ದು, ಇನ್ನೊಂದು `README.md` ಫೈಲಿನಲ್ಲಿ ನಮ್ಮ ನಾಲ್ವರ ಹೆಸರು ಸೇರಿಸಿದ್ದು. ಕಮಿಟ್ ಲೆಕ್ಕವೇ ಎಲ್ಲ ಅಲ್ಲ, ನಿಜ. ಒಬ್ಬನ ಲ್ಯಾಪ್‌ಟಾಪಿನಲ್ಲಿ ಕೂತು ನಾಲ್ವರೂ ಮಾಡಿದ ಕೆಲಸ ಒಬ್ಬನ ಹೆಸರಿಗೇ ಬೀಳಬಹುದು. ಆದರೆ ಆಗ ನಮ್ಮ ಪಾಲು ಯಾವುದು ಅಂತ ಹೇಳಲು ಬರಬೇಕು. ನಾನು 'ಅಭಿವೃದ್ಧಿಪಡಿಸಿದ್ದೇನೆ' ಅಂತ ಬರೆದು ಆ ದಾರಿಯನ್ನೂ ಮುಚ್ಚಿಕೊಂಡಿದ್ದೆ. ನೆಟ್‌ನಿಂದ ಯಾರದ್ದೋ ಪ್ರಾಜೆಕ್ಟ್ ಫೋರ್ಕ್ ಮಾಡಿ ಹಾಕುವವರಿಗೂ ಒಂದು ಮಾತು. ಹೆಸರಿನ ಕೆಳಗೆ `forked from` ಅಂತ ಮೂಲದವರ ಹೆಸರು ಅಲ್ಲೇ ಕಾಣುತ್ತದೆ. ಡೌನ್‌ಲೋಡ್ ಮಾಡಿ ಹೊಸದಾಗಿ ಹಾಕಿದರೆ ಇಡೀ ಪ್ರಾಜೆಕ್ಟ್ ಒಂದೇ ಕಮಿಟ್‌ನಲ್ಲಿ ಬಂದು ಕೂತಿರುತ್ತದೆ. ಮೂರು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಹುಟ್ಟಿದ ಹಾಗೆ.

ಇಷ್ಟಾದ ಮೇಲೆ ಮುಗಿಯಿತು ಅಂದುಕೊಂಡೆ. ಅವರು ಸುಮ್ನೆ ಕೇಳಿದ ಹಾಗೆ, "ಎನ್‌ಎಸ್‌ಎಸ್‌ನಲ್ಲಿ ಎಂತ ಮಾಡಿದ್ದು?" ಅಂದರು.

ಅದನ್ನು ಹೇಳಲು ನನಗೆ ತಯಾರಿ ಬೇಕಿರಲಿಲ್ಲ. ಏಳು ದಿನದ ಕ್ಯಾಂಪಿನಲ್ಲಿ ಕುಡಿಯುವ ನೀರಿನ ಬಗ್ಗೆ ಮನೆ ಮನೆ ಸರ್ವೆ ಮಾಡಿದ್ದೆವು. ಗಡಿಯ ಹತ್ತಿರದ ಊರು. ಫಾರ್ಮ್ ಇದ್ದದ್ದು ಮಲಯಾಳದಲ್ಲಿ. ಅಲ್ಲಿನ ಹಿರಿಯರಲ್ಲಿ ತುಂಬಾ ಜನರಿಗೆ ಓದಲು ಬರುವುದು ಕನ್ನಡ ಮಾತ್ರ, ಮನೆಯಲ್ಲಿ ಆಡುವುದು ತುಳುವೋ ಹವ್ಯಕವೋ. ಹಾಗಾಗಿ 14 ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ಮಾಡಿದೆ. ಮೊದಲ ದಿನ 19 ಮನೆ ಆಯಿತು. ರಾತ್ರಿ ಕೂತು ಎಕ್ಸೆಲ್‌ಗೆ ಹಾಕುವಾಗ ಒಂದು ವಿಚಿತ್ರ ಕಂಡಿತು. ನೀರಿನ ಮೂಲಕ್ಕೆ ಫಾರ್ಮಿನಲ್ಲಿ ಇದ್ದದ್ದು ಬಾವಿ, ಬೋರ್‌ವೆಲ್, ನಳ್ಳಿ, ಇತರೆ. ಅರ್ಧಕ್ಕರ್ಧ ಮನೆ 'ಇತರೆ'ಗೆ ಹೋಗಿತ್ತು. ಯಾಕೆಂದರೆ ನಮ್ಮ ಗುಡ್ಡದ ಮನೆಗಳಿಗೆ ನೀರು ಬರುವುದು ಸುರಂಗದಿಂದ! ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗ ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು, ಫಾರ್ಮ್ ಮಾಡಿದವರಿಗೆ ಮಾತ್ರ ಗೊತ್ತಿರಲಿಲ್ಲ. ಪ್ರೋಗ್ರಾಂ ಆಫೀಸರ್ ಸರ್‌ಗೆ ಹೇಳಿ ಮರುದಿನ 'ಸುರಂಗ' ಅಂತ ಒಂದು ಕಾಲಂ ಸೇರಿಸಿದೆವು. ಆ 19 ಮನೆಗಳಿಗೆ ಮತ್ತೆ ಹೋದೆವು. ಒಬ್ಬರು ಅಜ್ಜಿ 'ನಿನ್ನೆ ಬಂದದ್ದು ಸಾಲದಾ ಮಗಾ' ಅಂತ ಬೈದು ಮಜ್ಜಿಗೆ ಕೊಟ್ಟರು. ಒಟ್ಟು 86 ಮನೆ ಆಯಿತು.

ಮೇಡಂ ಪೆನ್ನು ಕೆಳಗಿಟ್ಟರು. "ಇದನ್ನು ಯಾಕೆ ಬರೆಯಲಿಲ್ಲ? ನಮ್ಮಲ್ಲಿ ದಿನಾ ಆಗೋದು ಇದೇ. ಫಾರ್ಮಿನಲ್ಲಿ ಇಲ್ಲದ್ದನ್ನು ಗಿರಾಕಿ ಹೇಳ್ತಾರೆ, ಅದನ್ನು ನಾವು ಕಂಡುಹಿಡೀಬೇಕು."

ನನಗೆ ಒಂದು ಕ್ಷಣ ಆಸೆ ಹುಟ್ಟಿತು. ಆಮೇಲೆ ಅವರು ಮೆಲ್ಲಗೆ ಹೇಳಿದರು: "ಇದು ನಿಜ ಇರಬಹುದು. ಆದ್ರೆ ಮೇಲಿನ ಎರಡು ನೋಡಿದ ಮೇಲೆ ಇದನ್ನು ನಾನು ಹೇಗೆ ನಂಬ್ಲಿ?" ರೆಸ್ಯೂಮೆಯನ್ನು ನನ್ನ ಕಡೆ ತಿರುಗಿಸಿ, ಸಹಿಯ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. ತಲಪಾಡಿ ದಾಟುವವರೆಗೂ ಬಸ್ಸಿನಲ್ಲಿ ಆ ಬೆರಳೇ ಕಣ್ಣ ಮುಂದೆ.

ಮನೆಗೆ ಬಂದು ರೆಸ್ಯೂಮೆ ಹೊಸದಾಗಿ ಬರೆದೆ. 'ಕೆಲಸದ ಅನುಭವ' ಅನ್ನುವ ತಲೆಬರಹವನ್ನೇ ತೆಗೆದೆ. ಅನುಭವ ಇಲ್ಲದಿದ್ದರೆ ಆ ತಲೆಬರಹ ಇರಲೇಬೇಕು ಅಂತೇನೂ ಇಲ್ಲ. 'ಪ್ರಾಜೆಕ್ಟ್' ಮತ್ತು 'ಸ್ವಯಂಸೇವೆ' ಅಂತ ಎರಡು ಮಾಡಿದೆ. ಇಂಟರ್ನ್‌ಶಿಪ್ ಪೂರ್ತಿ ಹೋಯಿತು, 1,499 ರೂಪಾಯಿ ಸಮೇತ. ಕನ್ನಡ ಸಂಘವೂ ಹೋಯಿತು. ನಾನು ಹೋದದ್ದು ಎರಡೇ ಕಾರ್ಯಕ್ರಮಕ್ಕೆ, ಅದರಲ್ಲಿ ಒಂದು ಊಟ ಚೆನ್ನಾಗಿತ್ತು ಅಂತ.

ಪ್ರಾಜೆಕ್ಟಿಗೆ ಬಂದಾಗ ಸ್ವಲ್ಪ ಯೋಚಿಸಬೇಕಾಯಿತು. ಕೋಡ್ ನನ್ನದಲ್ಲ. ಹಾಗಾದರೆ ನಾನು ಮಾಡಿದ್ದೇನು? ಹಳೇ ನೋಟ್‌ಬುಕ್ ತೆಗೆದರೆ ಸಿಕ್ಕಿತು. ಟೆಸ್ಟಿಂಗ್ ನನ್ನ ಪಾಲಿನದ್ದು. ಒಂದೇ ವಿದ್ಯಾರ್ಥಿಯ ಹಾಜರಿಯನ್ನು ಒಂದೇ ಪೀರಿಯಡ್‌ಗೆ ಎರಡು ಸಲ ಹಾಕಿದರೂ ಸಾಫ್ಟ್‌ವೇರ್ ತೆಗೆದುಕೊಳ್ಳುತ್ತಿತ್ತು, ಕೆಲವರ ಹಾಜರಾತಿ ನೂರು ಶೇಕಡ ದಾಟಿತ್ತು. ಅದನ್ನು ಹಿಡಿದದ್ದು ನಾನು, ಸರಿ ಮಾಡಿದ್ದು ಗೆಳೆಯ. ಹಾಗಾಗಿ ಹೊಸ ಸಾಲು ಹೀಗಾಯಿತು: 'ಕಾಲೇಜು ಹಾಜರಾತಿ ಸಾಫ್ಟ್‌ವೇರ್, ನಾಲ್ವರ ತಂಡ. ನನ್ನ ಪಾಲು ಟೆಸ್ಟಿಂಗ್ ಮತ್ತು ವರದಿ. ಒಂದೇ ಹಾಜರಿ ಎರಡು ಸಲ ದಾಖಲಾಗುವ ತಪ್ಪನ್ನು ಕಂಡುಹಿಡಿದೆ.' ಸಾಲು ಚಿಕ್ಕದಾಗಿ ಕಂಡಿತು. ಆದರೆ ಇದರ ಮೇಲೆ ಯಾರು ಏನು ಕೇಳಿದರೂ ಅರ್ಧ ಗಂಟೆ ಮಾತಾಡಬಲ್ಲೆ.

ಎನ್‌ಎಸ್‌ಎಸ್ ಸಾಲು: 'ಎರಡು ವರ್ಷ, 240 ಗಂಟೆ, ಏಳು ದಿನದ ಕ್ಯಾಂಪ್. ನೀರಿನ ಸರ್ವೆಯ 14 ಪ್ರಶ್ನೆಗಳನ್ನು ಮಲಯಾಳದಿಂದ ಕನ್ನಡಕ್ಕೆ ಮಾಡಿದೆ. ತಂಡದೊಂದಿಗೆ 86 ಮನೆಗಳ ವಿವರ ಎಕ್ಸೆಲ್‌ಗೆ ಹಾಕಿದೆ. ಫಾರ್ಮಿನಲ್ಲಿ ಬಿಟ್ಟುಹೋಗಿದ್ದ ನೀರಿನ ಮೂಲವನ್ನು ಗುರುತಿಸಿ ಸೇರಿಸಿದೆವು.' ಎಲ್ಲಿ 'ಮಾಡಿದೆ', ಎಲ್ಲಿ 'ಮಾಡಿದೆವು' ಅಂತ ನೋಡಿಕೊಂಡೇ ಬರೆದೆ. 240 ಗಂಟೆ ಊಹೆಯಲ್ಲ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ ಅಷ್ಟಾಗಬೇಕು, ನನ್ನ ವರ್ಕ್ ಡೈರಿಯಲ್ಲಿ ದಿನಾಂಕದ ಪ್ರಕಾರ ಇದೆ. ಡೈರಿ ಬಿಸಾಡಬೇಡಿ. ಪ್ರೋಗ್ರಾಂ ಆಫೀಸರ್ ಸರ್‌ಗೆ ಫೋನ್ ಮಾಡಿ, ಕಂಪನಿಯವರು ಕೇಳಿದರೆ ಹೇಳುತ್ತೀರಾ ಅಂತ ಮೊದಲೇ ವಿಚಾರಿಸಿದೆ. 'ಸುರಂಗದ ಹುಡುಗಿ ಅಲ್ವಾ, ಖಂಡಿತ' ಅಂದರು.

ದುಡ್ಡು ಕೇಳುವ ಇಂಟರ್ನ್‌ಶಿಪ್ ಎಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಪಾಠ ಮಾಡಿ ಫೀಸ್ ತೆಗೆದುಕೊಂಡರೆ ಅದು ಕೋರ್ಸ್, ರೆಸ್ಯೂಮೆಯಲ್ಲೂ ಕೋರ್ಸ್ ಅಂತಲೇ ಬರೆಯಿರಿ. ಕೆಲಸ ಮಾಡಿಸಿಕೊಳ್ಳುವವರು ದುಡ್ಡು ಕೊಡಬೇಕೇ ಹೊರತು ಕೇಳಬಾರದು. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಇಂಟರ್ನ್‌ಗೇ ಕೊಡುವ ಹಾಗೆ ಮಾಡಿದ್ದರು.

ಮೊನ್ನೆ ತಂಗಿಯ ಕ್ಲಾಸ್ ಗ್ರೂಪಿನಲ್ಲಿ ಅದೇ ಮೆಸೇಜ್ ಬಂದಿದೆ. ಕಂಪನಿಯ ಹೆಸರು ಬೇರೆ, ಲೋಗೋ ಬೇರೆ, ಐದು ಕೆಲಸದ ಪಿಡಿಎಫ್ ಮಾತ್ರ ಅದೇ. ಕ್ಯಾಲ್ಕ್ಯುಲೇಟರ್ ಇನ್ನೂ ಮೊದಲನೇದು. ಮೂರು ತಿಂಗಳಿಗೆ ಈಗ 1,999.