ದೇಣಿಗೆ ಪತ್ರದಲ್ಲಿ ಒಂದು ಕತೆಯೋ, ಸಾಧನೆಗಳ ಪಟ್ಟಿಯೋ?

ಬದಿಯಡ್ಕ ಕಡೆಯ ಕನ್ನಡ ಶಾಲೆಯ ಗ್ರಂಥಾಲಯಕ್ಕೆ ಹಣ ಕೂಡಿಸಲು ಪತ್ರ ಬರೆಯಬೇಕು ಅಂದಿರಿ. ಅದು ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ಮೊದಲು ನೋಡಿ.

ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಹಳೆ ವಿದ್ಯಾರ್ಥಿಗಳಿಗಾದರೆ ನಾನು ಕತೆಯನ್ನೇ ಆರಿಸುತ್ತೇನೆ. ಒಬ್ಬಳೇ ಹುಡುಗಿ, ಒಂದೇ ಸಂಗತಿ ಸಾಕು: ಐದನೇ ತರಗತಿಯವಳು ಹೊಲಿಗೆ ಬಿಚ್ಚಿದ ಕತೆಪುಸ್ತಕದ ಕೊನೆಯ ಪುಟ ಸಿಗದೆ, ಮುಂದೇನಾಯಿತು ಅಂತ ಟೀಚರನ್ನು ಕೇಳಿದಳು. ಅದರ ಬೆನ್ನಿಗೇ ‘500 ರೂಪಾಯಿ ಕೊಟ್ಟರೆ ಇಂಥ ಕೆಲವು ಪುಸ್ತಕ ತರಬಹುದು’ ಅನ್ನಿ. ಇಲ್ಲಿ ಅಂಕಿಅಂಶ ತುರುಕಬೇಡಿ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಒಂದು ಮಗುವಿನ ವಿವರ ಮಾತ್ರ ಓದಿದವರು ಸರಾಸರಿ ಜಾಸ್ತಿ ಕೊಟ್ಟರು. ಅದೇ ವಿವರಕ್ಕೆ ಅಂಕಿಅಂಶ ಸೇರಿಸಿದಾಗ ದೇಣಿಗೆ ಇಳಿಯಿತು.

ಬ್ಯಾಂಕಿಗೋ ಟ್ರಸ್ಟಿಗೋ ಬರೆಯುವಾಗ ಲೆಕ್ಕ ಬೇರೆ. ಅಲ್ಲಿ ಪತ್ರ ಓದುವವರು ಸಮಿತಿಗೆ ಉತ್ತರ ಕೊಡಬೇಕಲ್ವಾ? ಅವರಿಗೆ ಪಟ್ಟಿಯೇ ಅನುಕೂಲ. ಆದರೆ ‘ಉತ್ತಮ ಫಲಿತಾಂಶ’ ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ. ಮಕ್ಕಳೆಷ್ಟು, ಹಿಂದಿನ ದೇಣಿಗೆ ಯಾವುದಕ್ಕೆ ಖರ್ಚಾಯಿತು ಎಂಬಂಥ ಮೂರ್ನಾಲ್ಕು ಸಾಲು, ಪ್ರತಿಯೊಂದಕ್ಕೂ ದಾಖಲೆ ಇರಲಿ.

ಶ್ರಮ ನೋಡಿದರೆ ಪಟ್ಟಿ ಹಗುರ, ವರ್ಷಕ್ಕೊಮ್ಮೆ ತಿದ್ದಿದರಾಯಿತು. ಕತೆಯನ್ನು ಅದೇ ಜನರಿಗೆ ಎರಡನೇ ಸಲ ಕಳಿಸುವ ಹಾಗಿಲ್ಲ. ತಾಯ್ತಂದೆಯರ ಒಪ್ಪಿಗೆಯೂ ಬೇಕು. ಒಪ್ಪಿದರೂ ಚಿಕ್ಕ ಊರು, ಹೆಸರಿಲ್ಲದಿದ್ದರೂ ಗುರುತು ಸಿಗುತ್ತದೆ. ಹಾಗಾಗಿ ಆ ಹುಡುಗಿಯ ಮನೆಯ ಕಷ್ಟವನ್ನು ಪತ್ರಕ್ಕೆ ತರಬೇಡಿ, ಪುಸ್ತಕದ ಸಂಗತಿಯಷ್ಟೇ ಇರಲಿ.