ಜಾಯಿಂಟ್ ಅಕೌಂಟ್ ಇದೆ ಅಂತ ನೆಮ್ಮದಿಯಾಗಿದ್ದೆವು, ಪಾಸ್‌ಬುಕ್‌ನ ಒಂದು ಸಾಲು ಓದಿರಲಿಲ್ಲ

ಅಪ್ಪ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಪಿಂಚಣಿ ಬರುವ ಉಳಿತಾಯ ಖಾತೆ ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲಿತ್ತು. ಅದೇ ಶಾಖೆಯಲ್ಲಿ ಆರು ಲಕ್ಷದ ಎಫ್‌ಡಿ ಇತ್ತು, ಅದೂ ಇಬ್ಬರ ಹೆಸರಿನಲ್ಲೇ. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು, 'ಜಾಯಿಂಟ್ ಇದೆಯಲ್ಲ, ಯಾರು ಬೇಕಾದರೂ ತೆಗೆಯಬಹುದು'. ನಾನೂ ಹಾಗೇ ನಂಬಿದ್ದೆ. ಕಳೆದ ವರ್ಷ ಆ ಮಾತು ಎಷ್ಟು ತಪ್ಪು ಅಂತ ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಸೋಮವಾರ ಬೆಳಿಗ್ಗೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಅರಸೀಕೆರೆಯಿಂದ ಹಾಸನಕ್ಕೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಮೊದಲು ಒಂದು ಲಕ್ಷ ಕಟ್ಟಿ ಅಂದರು. ಅಮ್ಮ ಪಾಸ್‌ಬುಕ್, ಚೆಕ್‌ಬುಕ್, ಆಧಾರ್ ಎಲ್ಲ ಹಿಡಿದುಕೊಂಡು ಬ್ಯಾಂಕಿಗೆ ಹೋದರು. ಖಾತೆಯಲ್ಲಿ ಎರಡು ಲಕ್ಷದ ಮೇಲೆ ಇತ್ತು. ಅಪ್ಪ ಎಟಿಎಂ ಕಾರ್ಡ್ ತೆಗೆದುಕೊಂಡಿರಲೇ ಇಲ್ಲ, ಪ್ರತಿ ತಿಂಗಳು ತಾವೇ ಹೋಗಿ ದುಡ್ಡು ತರುತ್ತಿದ್ದರು.

ಕೌಂಟರಿನಲ್ಲಿದ್ದ ಹುಡುಗಿ ಚೆಕ್ ನೋಡಿದಳು, ಕಂಪ್ಯೂಟರ್ ನೋಡಿದಳು. 'ಅಮ್ಮಾ, ಇದಕ್ಕೆ ಯಜಮಾನರ ಸಹಿ ಬೇಕು, ನಿಮ್ಮ ಸಹಿ ನಡೆಯಲ್ಲ' ಅಂದಳು. ಅಮ್ಮ ಪಾಸ್‌ಬುಕ್ ತೆರೆದು ತಮ್ಮ ಹೆಸರು ತೋರಿಸಿದರು. ಅವಳು ಆ ಹೆಸರಿನ ಕೆಳಗಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಮೋಡ್ ಆಫ್ ಆಪರೇಷನ್: ಫಾರ್ಮರ್ ಆರ್ ಸರ್ವೈವರ್.

ಹದಿನಾಲ್ಕು ವರ್ಷ ಆ ಪಾಸ್‌ಬುಕ್ ನಮ್ಮ ಬೀರುವಿನಲ್ಲಿತ್ತು. ಆ ಸಾಲನ್ನು ನಾವ್ಯಾರೂ ಓದಿರಲಿಲ್ಲ.

ಫಾರ್ಮರ್ ಅಂದರೆ ಮೊದಲ ಹೆಸರಿನವರು. ಅವರು ಬದುಕಿರುವವರೆಗೆ ಅವರೊಬ್ಬರೇ ಖಾತೆ ನಡೆಸಬಹುದು. ಎರಡನೇ ಹೆಸರಿನವರಿಗೆ ಹಕ್ಕು ಬರುವುದು ಮೊದಲನೆಯವರು ತೀರಿಕೊಂಡ ಮೇಲೆ. ಹಾಸಿಗೆ ಹಿಡಿದಿದ್ದಾರೆ, ಕೈ ಆಡುತ್ತಿಲ್ಲ, ಐಸಿಯುನಲ್ಲಿದ್ದಾರೆ, ಇದ್ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಾವು ಅಂದುಕೊಂಡಿದ್ದು, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಅನ್ನುವುದು, ಬೇರೆ ಬಗೆ. ಅದಕ್ಕೆ ಐದರ್ ಆರ್ ಸರ್ವೈವರ್ ಅನ್ನುತ್ತಾರೆ. ಮೂರನೆಯದು ಜಾಯಿಂಟ್ಲಿ, ಅಂದರೆ ಎಲ್ಲರ ಸಹಿಯೂ ಬೇಕು. ಅದರಲ್ಲಿ ಸರ್ವೈವರ್ ಅನ್ನುವ ಪದ ಇಲ್ಲದಿದ್ದರೆ ಒಬ್ಬರು ತೀರಿಕೊಂಡ ಮೇಲೂ ಉಳಿದವರು ಒಬ್ಬರೇ ತೆಗೆಯಲು ಆಗುವುದಿಲ್ಲ, ತೀರಿಕೊಂಡವರ ವಾರಸುದಾರರೂ ಜೊತೆಗೆ ಬರಬೇಕು. ಪಾಸ್‌ಬುಕ್ ಮೇಲೆ ಹೆಸರು ಎರಡಿದ್ದರೂ ಖಾತೆ ಈ ಮೂರರಲ್ಲಿ ಯಾವುದು ಬೇಕಾದರೂ ಆಗಿರಬಹುದು ಅಲ್ವಾ? ಹೆಸರು ನೋಡಿದರೆ ಗೊತ್ತಾಗುವುದಿಲ್ಲ.

ಅಪ್ಪ ಯಾಕೆ ಹಾಗೆ ಬರೆಸಿದ್ದರು ಅಂತ ಆಮೇಲೆ ಯೋಚಿಸಿದೆ. ಪಿಂಚಣಿ ಖಾತೆ ಅಂದರೆ ಪಿಂಚಣಿದಾರರೇ ನಡೆಸಬೇಕು ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಹಾಗೇನೂ ಇಲ್ಲ. ಕೇಂದ್ರ ಸರ್ಕಾರದ ಪಿಂಚಣಿಯನ್ನು ಹೆಂಡತಿ ಅಥವಾ ಗಂಡನ ಜೊತೆಗಿನ ಜಾಯಿಂಟ್ ಖಾತೆಗೆ ಹಾಕಿಸಿಕೊಳ್ಳಬಹುದು, ಆ ಖಾತೆ ಫಾರ್ಮರ್ ಆರ್ ಸರ್ವೈವರ್ ಆದರೂ ಆದೀತು, ಐದರ್ ಆರ್ ಸರ್ವೈವರ್ ಆದರೂ ಆದೀತು.

ಆ ಸಂಜೆ ಅಮ್ಮನ ಬಳೆ, ಸರ ಸೊಸೈಟಿಯಲ್ಲಿ ಅಡವಿಟ್ಟು 1,20,000 ತಂದೆವು. ಬ್ಯಾಂಕಿನಲ್ಲಿ ದುಡ್ಡು ಇಟ್ಟುಕೊಂಡು ಬಳೆ ಬಿಚ್ಚಿಕೊಡುವಾಗ ಅಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಎರಡನೇ ದಿನ ನಾನೇ ಶಾಖೆಯ ಮ್ಯಾನೇಜರ್ ಹತ್ತಿರ ಹೋದೆ. ಅವರು ಒಂದು ದಾರಿ ಹೇಳಿದರು. ಇದನ್ನು ಎಲ್ಲರೂ ತಿಳಿದಿರಬೇಕು, ಯಾಕೆಂದರೆ ಕೌಂಟರಿನಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ಕಾಯಿಲೆಯಿಂದ ಸಹಿ ಮಾಡಲಾಗದ, ಬ್ಯಾಂಕಿಗೆ ಬರಲಾಗದ ಖಾತೆದಾರರಿಗಾಗಿ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಚೆಕ್ ಅಥವಾ ವಿತ್‌ಡ್ರಾಯಲ್ ಫಾರಂ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಬಹುದು, ಕೈಬೆರಳು ಆಗದಿದ್ದರೆ ಕಾಲಿನದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಹೆಬ್ಬೆಟ್ಟೂ ಆಗದಿದ್ದರೆ ಒಂದು ಗುರುತು ಹಾಕಿಸಿದರೂ ನಡೆಯುತ್ತದೆ. ದುಡ್ಡು ಯಾರ ಕೈಗೆ ಕೊಡಬೇಕು ಅಂತ ಖಾತೆದಾರರು ತೋರಿಸಬೇಕು, ಅವರ ಸಹಿಯನ್ನು ಬ್ಯಾಂಕ್ ತೆಗೆದುಕೊಳ್ಳುತ್ತದೆ.

ಗುರುವಾರ ಒಬ್ಬ ಅಧಿಕಾರಿ ಹಾಸನಕ್ಕೆ ಬಂದರು. ಒಳ್ಳೆಯ ಮನುಷ್ಯ. ಅಪ್ಪನಿಗೆ ಮಾತು ತೊದಲುತ್ತಿತ್ತು, ಆದರೆ ಪ್ರಜ್ಞೆ ಚೆನ್ನಾಗಿತ್ತು. ಅಮ್ಮನ ಕಡೆ ಕೈ ತೋರಿಸಿದರು. ಎಡಗೈ ಹೆಬ್ಬೆಟ್ಟು ಒತ್ತಿದರು. ಎರಡು ಲಕ್ಷ ಸಿಕ್ಕಿತು. ನಾವು ದೊಡ್ಡ ಕೆಲಸ ಆಯಿತು ಅಂತ ಉಸಿರು ಬಿಟ್ಟೆವು.

ನನ್ನ ನಿಜವಾದ ತಪ್ಪು ನಡೆದದ್ದು ಆ ಹತ್ತು ನಿಮಿಷದಲ್ಲಿ. ಅಧಿಕಾರಿ ಹಾಸಿಗೆ ಪಕ್ಕದಲ್ಲೇ ಇದ್ದರು, ಅಪ್ಪನಿಗೆ ತಿಳಿವಳಿಕೆ ಇತ್ತು, ಅಮ್ಮ ಅಲ್ಲೇ ಇದ್ದರು, ಸಾಕ್ಷಿಗಳೂ ಇದ್ದರು. ಅದೇ ಕೂತಲ್ಲಿ ಇನ್ನೆರಡು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಬಹುದಾ ಅಂತ ಕೇಳಬೇಕಿತ್ತು. ಒಂದು, ಉಳಿತಾಯ ಖಾತೆಯನ್ನು ಐದರ್ ಆರ್ ಸರ್ವೈವರ್ ಮಾಡಿ ಅಂತ. ಇನ್ನೊಂದು ಎಫ್‌ಡಿಯ ಬಗ್ಗೆ. ನಾನು ಕೇಳಲಿಲ್ಲ. ಎಫ್‌ಡಿ ರಸೀದಿ ಮೇಲೆ ಐದರ್ ಆರ್ ಸರ್ವೈವರ್ ಅಂತಲೇ ಇತ್ತು, ಅದನ್ನು ಅಷ್ಟರಲ್ಲಿ ನೋಡಿದ್ದೆ, ಹಾಗಾಗಿ ಅದರ ಚಿಂತೆ ಇಲ್ಲ ಅಂದುಕೊಂಡೆ.

ಮೂರು ವಾರ ಆದ ಮೇಲೆ ಅಪ್ಪ ಹೋದರು.

ಉಳಿತಾಯ ಖಾತೆಯ ವಿಷಯ ಬೇಗ ಮುಗಿಯಿತು. ಮರಣ ಪ್ರಮಾಣಪತ್ರ, ಅಮ್ಮನ ಗುರುತಿನ ಕಾಗದ ಕೊಟ್ಟೆವು, ಹತ್ತು ದಿನದಲ್ಲಿ ಖಾತೆ ಅಮ್ಮನ ಕೈಗೆ ಬಂತು. ಸರ್ವೈವರ್ ಅನ್ನುವ ಪದ ಇರುವ ಖಾತೆಗೆ ಬ್ಯಾಂಕ್ ವಾರಸಾ ಪ್ರಮಾಣಪತ್ರಕ್ಕಾಗಿ ಒತ್ತಾಯ ಮಾಡುವಂತಿಲ್ಲ, ಕಾಗದಪತ್ರ ಸರಿ ಇದ್ದರೆ ಹದಿನೈದು ದಿನದೊಳಗೆ ಮುಗಿಸಬೇಕು. ಈ ಭಾಗದಲ್ಲಿ ದೂರುವಂಥದ್ದು ಏನೂ ಇಲ್ಲ.

ಆಸ್ಪತ್ರೆಯ ಒಟ್ಟು ಬಿಲ್ 4,20,000 ಆಗಿತ್ತು. ಖಾತೆಯ ಎರಡು ಲಕ್ಷ, ಒಡವೆಯ 1,20,000, ಉಳಿದ ಒಂದು ಲಕ್ಷ ಚಿಕ್ಕಪ್ಪ ಕೊಟ್ಟಿದ್ದರು. ಎಫ್‌ಡಿ ಮುರಿಸಿ ಒಡವೆ ಬಿಡಿಸೋಣ, ಚಿಕ್ಕಪ್ಪನಿಗೂ ಕೊಟ್ಟುಬಿಡೋಣ ಅಂದರು ಅಮ್ಮ. ಎಫ್‌ಡಿಗೆ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು.

ಬ್ಯಾಂಕಿನಲ್ಲಿ ಆಗುವುದಿಲ್ಲ ಅಂದರು. ನಾನು ರಸೀದಿ ತೋರಿಸಿ ಜಗಳಕ್ಕೇ ನಿಂತೆ. ಐದರ್ ಆರ್ ಸರ್ವೈವರ್ ಅಂತ ನೀವೇ ಬರೆದಿದ್ದೀರಿ, ಅಮ್ಮ ಸರ್ವೈವರ್, ಯಾಕೆ ಕೊಡಲ್ಲ ಅಂತ. ಮ್ಯಾನೇಜರ್ ಸಮಾಧಾನವಾಗಿ ವಿವರಿಸಿದರು. 'ಅವಧಿ ಮುಗಿದ ದಿನ ನಿಮ್ಮ ತಾಯಿಯವರೊಬ್ಬರಿಗೇ ಕೊಡ್ತೀವಿ. ಅವಧಿಗೆ ಮುಂಚೆ ಆಗಲ್ಲ' ಅಂದರು.

ಐದರ್ ಆರ್ ಸರ್ವೈವರ್ ಅನ್ನುವುದು ಎಫ್‌ಡಿಯಲ್ಲಿ ಕೆಲಸ ಮಾಡುವುದು ಅವಧಿ ಮುಗಿದಾಗ. ಮಧ್ಯದಲ್ಲಿ ಮುರಿಯುವುದೆಂದರೆ ಇಬ್ಬರೂ ಸೇರಿ ಬ್ಯಾಂಕಿನ ಜೊತೆ ಮಾಡಿಕೊಂಡ ಒಪ್ಪಂದವನ್ನೇ ಬದಲಿಸಿದ ಹಾಗೆ, ಆದ್ದರಿಂದ ಇಬ್ಬರೂ ಬದುಕಿದ್ದರೆ ಇಬ್ಬರ ಸಹಿ ಕೇಳುತ್ತಾರೆ, ಒಬ್ಬರು ತೀರಿಕೊಂಡಿದ್ದರೆ ಅವರ ಜಾಗದಲ್ಲಿ ಅವರ ಎಲ್ಲ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಒಂದೇ ದಾರಿ ಇದೆ. ಇಬ್ಬರೂ ಬದುಕಿರುವಾಗಲೇ, ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮುಂಚೆಯೂ ತೆಗೆಯಬಹುದು ಅಂತ ಇಬ್ಬರೂ ಸೇರಿ ಪ್ರತ್ಯೇಕವಾಗಿ ಬರೆದುಕೊಟ್ಟಿರಬೇಕು. ಬ್ಯಾಂಕಿನವರು ಇದನ್ನು ಜಾಯಿಂಟ್ ಮ್ಯಾಂಡೇಟ್ ಅನ್ನುತ್ತಾರೆ. ರಿಸರ್ವ್ ಬ್ಯಾಂಕ್ 2012ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಎಫ್‌ಡಿ ಇಡುವಾಗಲೇ ಕೊಡಬೇಕೆಂದಿಲ್ಲ, ಅವಧಿಯ ಮಧ್ಯೆ ಯಾವಾಗ ಬೇಕಾದರೂ ಕೊಡಬಹುದು. ಅದು ಇದ್ದರೆ ವಾರಸುದಾರರನ್ನು ಕೇಳುವುದಿಲ್ಲ, ಮುಂಚೆ ಮುರಿದದ್ದಕ್ಕೆ ದಂಡವನ್ನೂ ಹಾಕುವುದಿಲ್ಲ.

ನಾನು ಹಳೆಯ ಫಾರಂ ತೆಗೆಸಿ ನೋಡಿದೆ. ಅದರಲ್ಲಿ ಈ ಮಾತಿಗೆ ಒಂದು ಚೌಕ ಇತ್ತು. ಖಾಲಿ ಬಿಟ್ಟಿದ್ದರು. ಅಪ್ಪ ಬೇಡ ಅಂತ ಬಿಟ್ಟದ್ದಲ್ಲ. ಎಲ್ಲಿ ಪೆನ್ಸಿಲ್ ಗುರುತು ಇತ್ತೋ ಅಲ್ಲಿ ಇಬ್ಬರೂ ಸಹಿ ಹಾಕಿ ಬಂದಿದ್ದರು, ನಾವೆಲ್ಲ ಮಾಡುವುದೂ ಅದನ್ನೇ. ಆ ಚೌಕದ ವಿಷಯ ಎಫ್‌ಡಿ ರಸೀದಿ ಮೇಲೆ ಎಲ್ಲೂ ಇರಲಿಲ್ಲ. ರಸೀದಿಯನ್ನು ಎಷ್ಟು ಸಲ ಓದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಅಮ್ಮ, ಅಕ್ಕ, ನಾನು ಅದೇ ದಿನ ಸಹಿ ಹಾಕಿದೆವು. ತಮ್ಮ ಮಸ್ಕತ್‌ನಲ್ಲಿದ್ದಾನೆ. ಅವನ ಒಪ್ಪಿಗೆ ಪತ್ರ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಬರಬೇಕು ಅಂದರು. ಮೊದಲ ಪತ್ರದಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಹಿಂದೆ ಮುಂದೆ ಆಗಿತ್ತು, ವಾಪಸ್ ಬಂತು. ಎಫ್‌ಡಿ ಮೇಲೆ ಸಾಲವನ್ನಾದರೂ ಕೊಡಿ ಅಂದರೆ ಅದಕ್ಕೂ ಎಲ್ಲರ ಸಹಿ ಬೇಕು ಅಂದರು. ದುಡ್ಡು ಕೈಗೆ ಬರುವಾಗ ಎರಡೂವರೆ ತಿಂಗಳು ಕಳೆದಿತ್ತು. ಅಷ್ಟೂ ದಿನ ಒಡವೆಗೆ ಬಡ್ಡಿ ಕಟ್ಟಿದೆವು. ನಮ್ಮಲ್ಲಿ ಮನಸ್ತಾಪ ಇಲ್ಲ, ಹಾಗಾಗಿ ಇಷ್ಟಕ್ಕೇ ಮುಗಿಯಿತು. ಒಬ್ಬರು ಸಹಿ ಹಾಕಲ್ಲ ಅಂದಿದ್ದರೆ ಅಮ್ಮ ಹದಿನಾಲ್ಕು ತಿಂಗಳೂ ಕಾಯಬೇಕಿತ್ತು.

ನಾಮಿನಿ ಇದ್ದರಲ್ಲ ಅಂತ ಕೆಲವರು ಕೇಳಿದರು. ಇದ್ದರು, ಅಕ್ಕ. ಆದರೆ ಜಾಯಿಂಟ್ ಖಾತೆಯಲ್ಲಿ ನಾಮಿನಿಯ ಸರದಿ ಬರುವುದು ಖಾತೆದಾರರು ಎಲ್ಲರೂ ತೀರಿಕೊಂಡ ಮೇಲೆ. ಅಮ್ಮ ಇರುವಾಗ ಅದರಿಂದ ಉಪಯೋಗ ಇರಲಿಲ್ಲ.

ನಿಮ್ಮ ಮನೆಯ ಪಾಸ್‌ಬುಕ್ ಇವತ್ತೇ ತೆಗೆದು ಮೋಡ್ ಆಫ್ ಆಪರೇಷನ್ ಸಾಲು ನೋಡಿ. ಬದಲಿಸಬೇಕಾದರೆ ಖಾತೆದಾರರೆಲ್ಲರ ಸಹಿ ಬೇಕು, ಆದ್ದರಿಂದ ಎಲ್ಲರೂ ಗಟ್ಟಿಯಾಗಿರುವಾಗಲೇ ಮಾಡಬೇಕು. ಐದರ್ ಆರ್ ಸರ್ವೈವರ್ ಎಲ್ಲರಿಗೂ ಸರಿ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಒಬ್ಬರೇ ಹೋಗಿ ಪೂರ್ತಿ ದುಡ್ಡು ತೆಗೆಯಬಹುದು, ಬ್ಯಾಂಕ್ ಇನ್ನೊಬ್ಬರನ್ನು ಕೇಳುವುದಿಲ್ಲ. ವಯಸ್ಸಾದವರು ಸುಮ್ನೆ ಅನುಕೂಲಕ್ಕೆ ಅಂತ ಮಗನನ್ನೋ ಅಳಿಯನನ್ನೋ ಸೇರಿಸುವಾಗ ಇದನ್ನು ಯೋಚಿಸಲೇಬೇಕು, ಅಂಥ ಕಡೆ ಫಾರ್ಮರ್ ಆರ್ ಸರ್ವೈವರ್ ಒಳ್ಳೆಯದೇ.

ಎಫ್‌ಡಿಗೆ ಮಾತ್ರ ರಸೀದಿ ನಂಬಬೇಡಿ, ಶಾಖೆಗೆ ಬರೆದು ಕೇಳಿ. ಈಗ ಅಮ್ಮ ಮತ್ತು ಅಕ್ಕನ ಹೆಸರಿನಲ್ಲಿ ಹೊಸ ಎಫ್‌ಡಿ ಇಟ್ಟಿದ್ದೇವೆ. ಇಬ್ಬರೂ ಸಹಿ ಹಾಕಿ ಕೊಟ್ಟ ಪತ್ರದಲ್ಲಿ ಇಷ್ಟೇ ಇದೆ: 'ನಮ್ಮಲ್ಲಿ ಒಬ್ಬರು ಅವಧಿಗೆ ಮುಂಚೆ ತೀರಿಕೊಂಡರೆ, ಬದುಕಿರುವವರು ವಾರಸುದಾರರ ಒಪ್ಪಿಗೆ ಇಲ್ಲದೆ ಈ ಠೇವಣಿಯನ್ನು ಅವಧಿಗೆ ಮುಂಚೆ ಹಿಂಪಡೆಯಬಹುದು. ಈ ಮ್ಯಾಂಡೇಟ್ ದಾಖಲಾಗಿದೆ ಎಂದು ಲಿಖಿತವಾಗಿ ತಿಳಿಸಿ.' ಶಾಖೆಯ ಸೀಲು ಬಿದ್ದ ಅದರ ಪ್ರತಿಯನ್ನು ಅಮ್ಮ ಪಾಸ್‌ಬುಕ್ ಕವರಿನಲ್ಲೇ ಇಟ್ಟುಕೊಂಡಿದ್ದಾರೆ.